ಸರ್ವಿಸಸ್ ಮಾರ್ಕೆಟಿಂಗ್‌ನಲ್ಲಿ ನಾಲ್ಕು ಪಿಗಳನ್ನೇ ವಿಸ್ತಾರವಾಗಿ ಬರೆದರೆ ಸಾಲದೇ?

ಪ್ರಶ್ನೆ: ನಾನು ಹಾಸನದಲ್ಲಿ ಎಂಬಿಎ ಓದುತ್ತಿದ್ದೇನೆ. ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಷನ್ ಎಂಬ ನಾಲ್ಕು ಪಿಗಳಲ್ಲೇ ಎಲ್ಲವೂ ಅಡಗುತ್ತದೆ ಎಂದು ನನಗೆ ಅನಿಸುತ್ತದೆ, ಆದರೂ ಪರೀಕ್ಷಕರು ಏಳನ್ನೇ ಏಕೆ ಕೇಳುತ್ತಾರೆ? ಏಳನ್ನೂ ಬಾಯಿಪಾಠ ಮಾಡಲು ಸುಲಭ ದಾರಿ ಇದೆಯೇ?

ಉತ್ತರ:

ನಾನು ಚಿಕ್ಕಮಗಳೂರಿನವನು. ಇದೇ ವಿಷಯದಲ್ಲಿ ಮೂರು ಅಂಕಗಳಿಂದ ಅನುತ್ತೀರ್ಣನಾದೆ, ಅದರಿಂದ ಕೈಗೆ ಬಂದಿದ್ದ ಒಂದು ಕೆಲಸವೂ ತಪ್ಪಿತು. ನಾನು ಏಳು ಪಿಗಳ ಹೆಸರನ್ನು ಮರೆತಿರಲಿಲ್ಲ. ನಾಲ್ಕರಲ್ಲೇ ಎಲ್ಲವನ್ನೂ ಅಡಗಿಸಬಹುದೆಂದು ನಿಮ್ಮಂತೆಯೇ ನಂಬಿದ್ದೆ. ಆದ್ದರಿಂದ ಬಾಯಿಪಾಠದ ದಾರಿಯನ್ನು ನಾನು ಹೇಳಿಕೊಡುವುದಿಲ್ಲ.

ಹದಿನೈದು ಅಂಕಗಳ ಪ್ರಶ್ನೆ ಅದು. ಮಲೆನಾಡಿನ ಒಂದು ಹೋಂಸ್ಟೇ, ಅತಿಥಿಗಳ ಮೂರು ದೂರುಗಳು: ರಾತ್ರಿಯ ಊಟ ತಡವಾಗುತ್ತದೆ, ಕೋಣೆಯು ಫೋಟೋದಲ್ಲಿ ಕಂಡಂತಿಲ್ಲ, ಹೋದ ಸಲ ಇದ್ದ ಆದರ ಈ ಸಲ ಇರಲಿಲ್ಲ. ಇದಕ್ಕೆ ಈ ಪಿಗಳನ್ನು ಹೊಂದಿಸಿದ ಯೋಜನೆ, ಅಂದರೆ ಮಾರ್ಕೆಟಿಂಗ್ ಮಿಕ್ಸ್, ರೂಪಿಸಬೇಕಿತ್ತು. ನನ್ನ ಚಿಕ್ಕಪ್ಪ ಮೂಡಿಗೆರೆ ಕಡೆ ಕಾಫಿ ತೋಟದಲ್ಲಿ ಹೋಂಸ್ಟೇ ನಡೆಸುತ್ತಾರೆ, ರಜೆಯಲ್ಲಿ ನಾನೇ ಅತಿಥಿಗಳಿಗೆ ಊಟ ಬಡಿಸಿದ್ದೇನೆ. ಇದಕ್ಕಿಂತ ಸುಲಭದ ಪ್ರಶ್ನೆ ಬೇಕೆ ಎಂದುಕೊಂಡು ಏಳು ಪುಟ ಬರೆದೆ. ಬಂದದ್ದು ನಾಲ್ಕು ಅಂಕ.

ಉತ್ತರಪತ್ರಿಕೆಯ ನಕಲು ತರಿಸಿ ನಮ್ಮ ಮೇಡಂಗೆ ತೋರಿಸಿದೆ. ಅವರು ಮೊದಲ ಪುಟದಲ್ಲೇ ನಿಂತರು. "ಅಲ್ಲಪ್ಪಾ, ಊಟ ತಡವಾಯಿತು ಅಂತ ಅತಿಥಿ ಹೇಳಿದರೆ ಮೆನು ಬದಲಿಸಿ ಅಂತ ಬರೆದಿದ್ದೀಯಲ್ಲ, ಊಟ ಚೆನ್ನಾಗಿಲ್ಲ ಅಂತ ಅವರು ಎಲ್ಲಿ ಹೇಳಿದರು?" ಎಂದರು.

ನನ್ನ ತಪ್ಪು ಅಲ್ಲೇ ಇತ್ತು, ಅದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಊಟವನ್ನು ನಾನು ಪ್ರಾಡಕ್ಟ್ ಎಂಬ ಡಬ್ಬಿಗೆ ಹಾಕಿದ್ದೆ. ಪ್ರಾಡಕ್ಟ್‌ನಲ್ಲಿ ದೋಷವಿದ್ದರೆ ಪ್ರಾಡಕ್ಟನ್ನೇ ತಿದ್ದಬೇಕು, ಹಾಗಾಗಿ ಮೆನು ಬದಲಿಸುವ ಸಲಹೆ ತಾನಾಗಿಯೇ ಬಂತು. ಕೋಣೆಯ ಫೋಟೋವನ್ನು ಪ್ರಮೋಷನ್‌ಗೆ ಸೇರಿಸಿದ್ದರಿಂದ ಇನ್ನೂ ಹೆಚ್ಚು ಪ್ರಚಾರ ಮಾಡಬೇಕೆಂದು ಬರೆದೆ. ಅಂದರೆ ನಿರಾಶರಾಗುವ ಅತಿಥಿಗಳ ಸಂಖ್ಯೆಯನ್ನು ಹೆಚ್ಚಿಸುವ ಸಲಹೆ ಕೊಟ್ಟೆ. ಆದರದ ವಿಷಯಕ್ಕೆ ಯಾವ ಡಬ್ಬಿಯೂ ಸಿಗದೆ ದರದಲ್ಲಿ ರಿಯಾಯಿತಿ ಕೊಡಿ ಎಂದೆ. ದೂರನ್ನು ಯಾವ ತಲೆಬರಹದ ಕೆಳಗೆ ಇಡುತ್ತೇವೆಯೋ ಪರಿಹಾರವೂ ಅಲ್ಲಿಂದಲೇ ಹುಟ್ಟುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಪರೀಕ್ಷಕರು ಏಳನ್ನು ನಿರೀಕ್ಷಿಸುವುದು ಈ ಕಾರಣಕ್ಕೆ.

ನಾಲ್ಕು ಪಿಗಳನ್ನು ಜೆರೋಮ್ ಮೆಕಾರ್ಥಿ 1960ರಲ್ಲಿ ಮುಂದಿಟ್ಟಾಗ ಕಣ್ಣಮುಂದೆ ಇದ್ದದ್ದು ಮುಖ್ಯವಾಗಿ ಕಾರ್ಖಾನೆಯ ಸರಕು. ನಮ್ಮ ತೋಟದ ಕಾಫಿಯನ್ನೇ ನೋಡಿ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ರಾತ್ರಿ ಕೆಟ್ಟು ನಿಂತಿತೋ, ಕಣದಲ್ಲಿ ಬೀಜ ಒಣಗಿಸುವವರು ಸಿಡುಕುತ್ತಿದ್ದರೋ, ಬೆಂಗಳೂರಿನಲ್ಲಿ ಕಾಫಿ ಕುಡಿಯುವವರಿಗೆ ಅದು ಕಾಣುವುದಿಲ್ಲ. ಬೀಜ ಸರಿಯಿದ್ದರೆ ಸಾಕು. ಹೋಂಸ್ಟೇಯಲ್ಲಾದರೋ ಗಿರಾಕಿಯು ತಯಾರಿಕೆ ನಡೆಯುವ ಜಾಗದ ಒಳಗೇ ಕುಳಿತಿರುತ್ತಾರೆ. ಸೇವೆಯು ತಯಾರಾಗುವುದು ಮತ್ತು ಬಳಕೆಯಾಗುವುದು ಒಂದೇ ಹೊತ್ತಿನಲ್ಲಿ. ಈ ಅವಿಭಾಜ್ಯತೆಯಿಂದಾಗಿ, ಸರಕಿನ ವ್ಯಾಪಾರದಲ್ಲಿ ತೆರೆಯ ಹಿಂದೆ ಉಳಿಯುತ್ತಿದ್ದ ಕೆಲಸದ ಕ್ರಮ, ಕೆಲಸ ಮಾಡುವ ಜನ ಮತ್ತು ಸುತ್ತಲಿನ ನೋಟ ಮೂರೂ ಗಿರಾಕಿಯ ಅನುಭವದ ಭಾಗವಾಗುತ್ತವೆ. ಬರ್ನಾರ್ಡ್ ಬೂಮ್ಸ್ ಮತ್ತು ಮೇರಿ ಬಿಟ್ನರ್ 1981ರಲ್ಲಿ ಸೇರಿಸಿದ ಪ್ರೋಸೆಸ್, ಪೀಪಲ್ ಮತ್ತು ಫಿಸಿಕಲ್ ಎವಿಡೆನ್ಸ್ ಈ ಮೂರೇ. (ಕನ್ನಡದಲ್ಲಿ ಬರೆದರೆ ಕೊನೆಯದು 'ಪಿ'ಯೇ ಅಲ್ಲ, 'ಫಿ'. ಬಾಯಿಪಾಠ ಮಾಡುವವರು ಅದನ್ನೇ ಮೊದಲು ಮರೆಯುತ್ತಾರೆ.)

ಈಗ ತಡವಾದ ಊಟವನ್ನು ಪ್ರೋಸೆಸ್‌ನಲ್ಲಿಟ್ಟು ನೋಡೋಣ. ಚಿಕ್ಕಪ್ಪನ ಮನೆಯಲ್ಲಿ ಶನಿವಾರ ರಾತ್ರಿ ಹನ್ನೆರಡು ಜನ ಎನ್ನಿ. ತಲೆಗೆ ಎರಡರಂತೆ ಇಪ್ಪತ್ತನಾಲ್ಕು ಅಕ್ಕಿರೊಟ್ಟಿ ಬೇಕು. ಒಂದು ರೊಟ್ಟಿಗೆ ಸುಮಾರು ಮೂರು ನಿಮಿಷ ಹಿಡಿದರೆ ಒಂದೇ ಕಾವಲಿಯಲ್ಲಿ ಎಪ್ಪತ್ತೆರಡು ನಿಮಿಷ. ಎಂಟು ಗಂಟೆಗೆ ಒಲೆ ಹಚ್ಚಿದರೆ ಕೊನೆಯ ರೊಟ್ಟಿ ಇಳಿಯುವುದು ಒಂಬತ್ತು ದಾಟಿದ ಮೇಲೆ. ಜೊತೆಗೆ ಮಾಂಸಾಹಾರ ಯಾರಿಗೆ, ಸಸ್ಯಾಹಾರ ಯಾರಿಗೆ ಎಂದು ಅತಿಥಿಗಳು ಬಂದಿಳಿದ ಮೇಲೆಯೇ ಕೇಳುತ್ತಿದ್ದೆವು. ಅಡುಗೆಯವರು ನಿಧಾನಿಯೂ ಅಲ್ಲ, ರೊಟ್ಟಿ ಕೆಟ್ಟದ್ದೂ ಅಲ್ಲ. ಮಧ್ಯಾಹ್ನವೇ ಫೋನ್ ಮಾಡಿ ಊಟದ ವಿವರ ಕೇಳಿಕೊಳ್ಳುವುದು ಮತ್ತು ಎರಡನೆಯ ಕಾವಲಿ ಇಡುವುದು, ಇಷ್ಟೇ ಪರಿಹಾರ. ಕಾಯುವ ಹೊತ್ತು ಮೂವತ್ತಾರು ನಿಮಿಷಕ್ಕೆ ಇಳಿಯುತ್ತದೆ. ರೊಟ್ಟಿ ಬಿಟ್ಟು ಮೊದಲೇ ಬೇಯಿಸಿಡಬಹುದಾದ ಕಡುಬು ಮಾಡಿದರೂ ತಡ ತಪ್ಪುತ್ತದೆ ನಿಜ. ಆದರೆ ಬಿಸಿ ರೊಟ್ಟಿಗೆಂದೇ ಬಂದವರಿಗೆ ಅದು ಬೇಡವಾದ ಪರಿಹಾರ, ಮತ್ತು ನನ್ನ ಉತ್ತರದಲ್ಲಿದ್ದದ್ದು ಸರಿಸುಮಾರು ಅದೇ.

ಫೋಟೋದ ದೂರು ಫಿಸಿಕಲ್ ಎವಿಡೆನ್ಸ್‌ಗೆ ಸೇರುತ್ತದೆ. ಇದನ್ನು ಬಹಳ ಜನ ಪ್ಲೇಸ್‌ನೊಂದಿಗೆ ಕಲಸುತ್ತಾರೆ. ಅತಿಥಿಯು ಕೋಣೆಯನ್ನು ಎಲ್ಲಿ, ಯಾರ ಮೂಲಕ ಕಾಯ್ದಿರಿಸುತ್ತಾರೆ, ಅಲ್ಲಿಗೆ ಹೇಗೆ ತಲುಪುತ್ತಾರೆ ಎಂಬುದು ಪ್ಲೇಸ್. ಮುಟ್ಟಿ ನೋಡಲಾಗದ ಸೇವೆಯನ್ನು ನಂಬುವುದಕ್ಕೆ ಅವರು ಹಿಡಿದುಕೊಳ್ಳುವ ಕುರುಹುಗಳು ಫಿಸಿಕಲ್ ಎವಿಡೆನ್ಸ್: ಫೋಟೋ, ಗೇಟಿನ ಬೋರ್ಡು, ಬಚ್ಚಲುಮನೆಯ ಶುಚಿ, ಮುಂಗಡಕ್ಕೆ ಕೊಟ್ಟ ರಸೀದಿ. ಬೇಸಿಗೆಯಲ್ಲಿ ತೆಗೆದ ಫೋಟೋ ನೋಡಿ ಜುಲೈ ಮಳೆಯಲ್ಲಿ ಬಂದವರಿಗೆ ಗೋಡೆಯ ಪಾಚಿ ಕಂಡರೆ ಕುರುಹು ಸುಳ್ಳಾಗುತ್ತದೆ. ಮಳೆಗಾಲದ ಫೋಟೋವನ್ನೂ ಹಾಕಬೇಕು, ಗೋಡೆಯನ್ನೂ ತೊಳೆಸಬೇಕು. ಮೂರನೆಯ ದೂರು ಸೇವೆಯ ಏಕರೂಪವಿಲ್ಲದ ಗುಣದಿಂದ ಬಂದದ್ದು, ಆದ್ದರಿಂದ ಪೀಪಲ್. ಅಲ್ಲಿ ಬರೆಯಬೇಕಾದದ್ದು ಕೆಲಸದವರ ತರಬೇತಿ, ಮತ್ತು ಮನೆಯವರು ಊರಲ್ಲಿಲ್ಲದ ದಿನ ಅತಿಥಿಗಳನ್ನು ಯಾರು ಮಾತಾಡಿಸಬೇಕೆಂಬ ನಿಗದಿ. ಪಕ್ಕದ ಕೋಣೆಯಲ್ಲಿ ಹನ್ನೆರಡು ಗಂಟೆಯವರೆಗೆ ಕೂಗಾಡುವ ಅತಿಥಿಗಳೂ ಪೀಪಲ್‌ನಲ್ಲೇ ಬರುತ್ತಾರೆ ಎಂಬುದನ್ನು ಮರೆಯಬೇಡಿ.

ಹಳೆಯ ನಾಲ್ಕು ಹಾಗೆಯೇ ಉಳಿಯುವುದಿಲ್ಲ ಎಂಬುದನ್ನೂ ಒಂದು ವಾಕ್ಯದಲ್ಲಿ ತೋರಿಸಿ. ಮಾರಾಟವಾಗದ ಕಾಫಿ ಮೂಟೆ ಗೋದಾಮಿನಲ್ಲಿ ಮುಂದಿನ ತಿಂಗಳ ದರಕ್ಕೆ ಕಾಯುತ್ತದೆ, ಬುಧವಾರ ಖಾಲಿ ಉಳಿದ ಕೋಣೆಯ ಆ ರಾತ್ರಿಯನ್ನು ಗುರುವಾರ ಮಾರಲಾಗುವುದಿಲ್ಲ. ವಾರದ ದಿನಗಳಿಗೆ ಬೇರೆ ಬೆಲೆ ಇಡುವುದು ಇದಕ್ಕಾಗಿಯೇ.

ಎಲ್ಲವೂ ನಾಲ್ಕು ಪಿಗಳಲ್ಲೇ ಅಡಗುತ್ತದೆ ಎಂಬ ನಿಮ್ಮ ವಾದ ಹುಸಿಯೇನಲ್ಲ, ವಿದ್ವಾಂಸರಲ್ಲೂ ಹಾಗೆ ಹೇಳಿದವರಿದ್ದಾರೆ. ಆದರೆ ಹದಿನೈದು ಅಂಕಗಳ ಕೇಸ್ ಪ್ರಶ್ನೆ ಅದನ್ನು ಸಾಧಿಸುವ ಜಾಗವಲ್ಲ. ನಾನಾದರೆ ಏಳು ವ್ಯಾಖ್ಯೆಗಳನ್ನು ಒಂದರ ಕೆಳಗೊಂದು ಬರೆಯುವುದನ್ನೂ ಬೇಡವೆನ್ನುತ್ತೇನೆ. ಮೊದಲು ದೂರು, ಅದರ ಹಿಂದಿರುವ ಸೇವೆಯ ಗುಣ, ಆಮೇಲೆ ಪಿ, ಕೊನೆಗೆ ಆ ಪಿಯಿಂದಲೇ ಹೊರಡುವ ಪರಿಹಾರ ಎಂಬ ಕ್ರಮದಲ್ಲಿ ಬರೆಯಿರಿ.

ಮರುಪರೀಕ್ಷೆಯಲ್ಲಿ ಆಸ್ಪತ್ರೆಯ ಹೊರರೋಗಿ ವಿಭಾಗದ ಬಗ್ಗೆ ಕೇಳಿದ್ದರು. ಟೋಕನ್ ಪಡೆದಲ್ಲಿಂದ ಔಷಧಿ ಕೈಸೇರುವವರೆಗೆ ರೋಗಿಯು ಎಲ್ಲೆಲ್ಲಿ ಕಾಯುತ್ತಾರೆ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದೆ, ಹನ್ನೊಂದು ಅಂಕ ಬಂತು. ಇನ್ನೊಂದು ಮಾತು: ಪ್ಯಾಕೆಟ್ ಕಾಫಿಪುಡಿಯ ಬಗ್ಗೆ ಪ್ರಶ್ನೆ ಬಂದರೆ ಏಳನ್ನೂ ತುರುಕಲು ಹೋಗಬೇಡಿ, ಅಲ್ಲಿ ನಾಲ್ಕು ಸಾಕು, ಅದೇ ಪುಡಿಯಿಂದ ಕಾಫಿ ಮಾಡಿ ಲೋಟದಲ್ಲಿ ಕೊಡುವ ಹೋಟೆಲಿನ ಬಗ್ಗೆ ಕೇಳಿದರೆ ಏಳನ್ನೂ ಬರೆಯಿರಿ.