ಬ್ಯಾಲೆನ್ಸ್ ಇದ್ದರೂ ಕಾರ್ಡ್ ಡಿಕ್ಲೈನ್: ಡಿಕ್ಲೈನ್ ಕೋಡ್ ಕೇಳಿ

"ಖಾತೆಯಲ್ಲಿ 18,000 ಇದೆ. ವಿದೇಶಿ ಸೈಟಿನಲ್ಲಿ 12 ಡಾಲರಿನ ಡೊಮೇನ್ ಕೊಳ್ಳಲು ಹೋದರೆ ಡೆಬಿಟ್ ಕಾರ್ಡ್ ಡಿಕ್ಲೈನ್. ಆ್ಯಪಿನಲ್ಲಿ ಇಂಟರ್‌ನ್ಯಾಷನಲ್ ಆನ್ ಇದೆ. ಯಾಕೆ ಹೀಗೆ?"

ಆ ಒಂದು ಸ್ವಿಚ್ ಸಾಲದು. ಹಲವು ಬ್ಯಾಂಕುಗಳ ಆ್ಯಪಿನಲ್ಲಿ ಇಂಟರ್‌ನ್ಯಾಷನಲ್ ಒಳಗೇ ಎಟಿಎಂ, ಅಂಗಡಿ, ಆನ್‌ಲೈನ್ ಅಂತ ಬೇರೆಬೇರೆ ಸ್ವಿಚ್ ಇರುತ್ತವೆ. ಆನ್‌ಲೈನ್ ಆನ್ ಮಾಡಿ, ಅದರ ಮಿತಿಯನ್ನೂ ನೋಡಿ. ಎಷ್ಟೋ ಸಲ ಅದು ಸೊನ್ನೆಯಲ್ಲೇ ಕೂತಿರುತ್ತದೆ. ಪರಿವರ್ತನಾ ಶುಲ್ಕವೂ ಸೇರುವುದರಿಂದ ಮಿತಿಯನ್ನು 2,000 ರೂಪಾಯಿಗೆ ಇಡಿ. ಅಂದಹಾಗೆ, ಬೆಲೆ ರೂಪಾಯಿಯಲ್ಲಿ ಕಂಡರೂ ವ್ಯಾಪಾರಿ ಹಣ ಪಡೆಯುವ ಖಾತೆ ಹೊರದೇಶದ್ದಾದರೆ ಅದು ಇಂಟರ್‌ನ್ಯಾಷನಲ್ಲೇ.

ಆಮೇಲೂ ಆಗದಿದ್ದರೆ ಪದೇ ಪದೇ ಪೇ ಒತ್ತಬೇಡಿ. ಸಾಲುಸಾಲು ಪ್ರಯತ್ನಗಳು ಕದ್ದ ಕಾರ್ಡನ್ನು ಪರೀಕ್ಷಿಸುವವರ ಕೆಲಸದಂತೆ ಕಾಣುತ್ತವೆ, ಬ್ಯಾಂಕಿನ ರಿಸ್ಕ್ ವ್ಯವಸ್ಥೆ ಕಾರ್ಡನ್ನೇ ತಡೆಯಬಹುದು. ವಿಪಿಎನ್ ಇದ್ದರೆ ಆಫ್ ಮಾಡಿ.

ಕಾರ್ಡಿನ ಹಿಂಬದಿಯ ನಂಬರಿಗೆ ಫೋನ್ ಮಾಡಿ ಡಿಕ್ಲೈನ್ ಕೋಡ್, ಅಂದರೆ ಕಾರ್ಡ್ ತಿರಸ್ಕಾರವಾದ ಕಾರಣ ಹೇಳುವ ಸಂಖ್ಯೆ, ಕೇಳಿ. 57 ಅಂದರೆ ಈ ಕಾರ್ಡಿಗೆ ಆ ವ್ಯವಹಾರಕ್ಕೆ ಅನುಮತಿ ಇಲ್ಲ: ಸ್ವಿಚ್ ಆಫ್ ಇರಬಹುದು, ಅಥವಾ ವ್ಯಾಪಾರಿಯ ವರ್ಗವನ್ನೇ ಬ್ಯಾಂಕ್ ತಡೆದಿರಬಹುದು. ಜೂಜಿನ ವ್ಯಾಪಾರಿಗಳ ವರ್ಗಸಂಖ್ಯೆ 7995 ಅಂಥದ್ದು, ಅದಕ್ಕೆ ಸ್ವಿಚ್ ಒತ್ತಿ ಪ್ರಯೋಜನವಿಲ್ಲ. ಡೊಮೇನ್ ಮಾರುವವರಿಗೆ ಈ ತಡೆ ಅಪರೂಪ. 59 ಅಂದರೆ ವಂಚನೆಯ ಶಂಕೆ. ವ್ಯವಹಾರ ನಿಮ್ಮದೇ ಎಂದು ದೃಢಪಡಿಸಿ, ತಡೆ ತೆಗೆದ ಮೇಲೆ ಒಂದೇ ಸಲ ಪ್ರಯತ್ನಿಸಿ.