ದಾರ, ರಬ್ಬರು ಮತ್ತು ಡೈವರ್‌ನ ಪಲ್ಟಿ

"ಟಿವಿಯಲ್ಲಿ ಡೈವಿಂಗ್ ನೋಡುವಾಗ ಒಂದು ಅನುಮಾನ ಬಂತು. ಹಲಗೆ ಬಿಟ್ಟ ಮೇಲೆ ಹಿಡಿದುಕೊಳ್ಳೋಕೆ, ಒದೆಯೋಕೆ ಏನೂ ಇರಲ್ಲ. ಆದರೂ ಮಂಡಿ ಮಡಚಿ ಮುದುಡಿಕೊಂಡ ತಕ್ಷಣ ಪಲ್ಟಿ ಜೋರಾಗುತ್ತೆ. ಆ ವೇಗ ಎಲ್ಲಿಂದ ಬರುತ್ತೆ? ಮಧ್ಯದಲ್ಲೇ ಪಕ್ಕಕ್ಕೆ ಬೇರೆ ತಿರುಗ್ತಾರೆ, ಅದು ಹೇಗೆ?"

ಆ ವೇಗ ಡೈವರ್‌ನ ಸ್ವಂತ ತೋಳು, ಹೊಟ್ಟೆ, ತೊಡೆಯ ಸ್ನಾಯುಗಳಿಂದ ಬರುತ್ತದೆ. ಕಾಲನ್ನು ಒಳಗೆ ಎಳೆದುಕೊಳ್ಳುವುದು ಪುಕ್ಕಟೆ ಕೆಲಸ ಅಲ್ಲ. ಅದಕ್ಕೆ ಶಕ್ತಿ ಬೇಕು, ಆ ಶಕ್ತಿಯೇ ಪಲ್ಟಿಯ ವೇಗವಾಗುತ್ತದೆ.

ನನ್ನೂರು ಚಿಂತಾಮಣಿ ಹತ್ತಿರದ ಒಂದು ಹಳ್ಳಿ. ಬೆನ್ನಿಗೆ ಬೆಂಡು ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವನು ನಾನು. ಈಗ ಚಿಕ್ಕಬಳ್ಳಾಪುರದಲ್ಲಿ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುತ್ತೇನೆ. ನಿಮ್ಮ ಪ್ರಶ್ನೆಯನ್ನು ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ. "ಕೋನೀಯ ಸಂವೇಗ ಬದಲಾಗಲ್ಲ, ಅದಕ್ಕೇ ವೇಗ ಜಾಸ್ತಿಯಾಗುತ್ತೆ" ಎಂದರೆ ಪರೀಕ್ಷೆಗೆ ಸಾಕು. ಆದರೆ ಕಾರಣ ಹೇಳಿದ ಹಾಗಾಗಲಿಲ್ಲ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಬದಲಾಗದೆ ಇರುವುದು ಏನು ಅಂತ ನೋಡೋಣ. ಡೈವರ್ ಹಲಗೆ ಬಿಡುವಾಗ ಮೈಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಕೈಗಳನ್ನು ಜೋರಾಗಿ ಬೀಸಿ, ಹಲಗೆಯನ್ನು ಒದೆಯುತ್ತಾನೆ. ಆ ಒದೆತ ಮೈಯ ತೂಕದ ಕೇಂದ್ರದ ಮೂಲಕ ನೇರವಾಗಿ ಹಾಯುವುದಿಲ್ಲ, ಪಕ್ಕದಲ್ಲಿ ಹಾಯುತ್ತದೆ. ಅದರಿಂದ ಮೈಗೆ ಸುತ್ತು ಸಿಗುತ್ತದೆ. ಕಾಲ್ಬೆರಳು ಹಲಗೆ ಬಿಟ್ಟಿತು ಅಂದರೆ ಅಲ್ಲಿಗೆ ಮುಗಿಯಿತು. ಭೂಮಿ ಎಳೆಯುವುದು ನಿಜ, ಆದರೆ ಮೈಯ ಎಲ್ಲ ಭಾಗವನ್ನೂ ಒಂದೇ ಸಮ ಎಳೆಯುತ್ತದೆ. ಅದರಿಂದ ಬೀಳುವ ವೇಗ ಹೆಚ್ಚುತ್ತದೆಯೇ ಹೊರತು ಸುತ್ತು ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಹಾಗಾಗಿ ಹಲಗೆಯಿಂದ ತಂದ ಕೋನೀಯ ಸಂವೇಗ ನೀರು ಮುಟ್ಟುವವರೆಗೂ ಅಷ್ಟೇ ಇರುತ್ತದೆ. ಲೆಕ್ಕದಲ್ಲಿ ಅದು L = I × ω. ω ಅಂದರೆ ಸುತ್ತುವ ವೇಗ. I ಅಂದರೆ ಮೈಯ ತೂಕ ಅಚ್ಚಿನಿಂದ ಎಷ್ಟು ದೂರ ಹರಡಿದೆ ಎಂಬುದರ ಅಳತೆ. ದೂರ ಅರ್ಧವಾದರೆ ಆ ಭಾಗದ ಪಾಲು ಕಾಲು ಭಾಗಕ್ಕೆ ಇಳಿಯುತ್ತದೆ.

ಈಗ ಕಾರಣಕ್ಕೆ ಬರೋಣ. ಬಾಲ್‌ಪೆನ್ನಿನ ರೀಫಿಲ್ ತೆಗೆದುಬಿಟ್ಟು ಖಾಲಿ ಕೊಳವೆ ಇಟ್ಟುಕೊಳ್ಳಿ. ಅದರೊಳಗೆ ದಾರ ತೂರಿಸಿ, ಮೇಲಿನ ತುದಿಗೆ ಒಂದು ರಬ್ಬರು ಕಟ್ಟಿ. ಕೆಳಗಿನ ತುದಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ರಬ್ಬರನ್ನು ತಲೆಯ ಮೇಲೆ ತಿರುಗಿಸಿ. ಚೆನ್ನಾಗಿ ತಿರುಗುತ್ತಿರುವಾಗ ದಾರವನ್ನು ಕೆಳಗೆ ಎಳೆಯಿರಿ. ರಬ್ಬರು ಹತ್ತಿರ ಬಂದ ಹಾಗೆ ಗಿರ್ರನೆ ಸುತ್ತುತ್ತದೆ. ದಾರ ಎಳೆಯುವುದು ಕಷ್ಟವಾಗುವುದೂ ಕೈಗೆ ಗೊತ್ತಾಗುತ್ತದೆ.

ರಬ್ಬರು ಒಂದೇ ವೃತ್ತದಲ್ಲಿ ಸುತ್ತುತ್ತಿದ್ದಾಗ ದಾರದ ಎಳೆತ ಅದರ ಓಟಕ್ಕೆ ಪೂರ್ತಿ ಅಡ್ಡವಾಗಿರುತ್ತದೆ. ಅಡ್ಡ ಎಳೆತ ದಿಕ್ಕನ್ನು ತಿರುಗಿಸುತ್ತದೆ ಅಷ್ಟೇ, ವೇಗ ಕೊಡುವುದಿಲ್ಲ. ದಾರ ಒಳಗೆ ಎಳೆದಾಗ ಮಾತ್ರ ದಾರಿ ವೃತ್ತವಾಗಿ ಉಳಿಯುವುದಿಲ್ಲ. ಬಸವನಹುಳುವಿನ ಚಿಪ್ಪಿನ ಗೆರೆಯ ಹಾಗೆ ಒಳಕ್ಕೆ ಸುರುಳಿಯಾಗುತ್ತದೆ. ಆಗ ರಬ್ಬರು ಸುತ್ತುತ್ತಲೇ ಸ್ವಲ್ಪ ಕೇಂದ್ರದ ಕಡೆಗೂ ಓಡುತ್ತಿದೆ, ಅಲ್ವಾ? ಎಳೆತವೂ ಅದೇ ಕಡೆಗಿದೆ. ಅಂದರೆ ಎಳೆತದ ಒಂದು ಪಾಲು ಓಟದ ದಿಕ್ಕಿಗೇ ಸೇರಿಕೊಂಡಿತು. ಆ ಪಾಲೇ ರಬ್ಬರನ್ನು ಮುಂದಕ್ಕೆ ದೂಡುತ್ತದೆ. ದೂರ ಅರ್ಧಕ್ಕೆ ಬಂದಾಗ ರಬ್ಬರಿನ ವೇಗ ಎರಡರಷ್ಟಾಗಿರುತ್ತದೆ. ಸುತ್ತಬೇಕಾದ ವೃತ್ತವೂ ಅರ್ಧ ಆಗಿದೆ. ಎರಡೂ ಸೇರಿ ಸೆಕೆಂಡಿಗೆ ಸುತ್ತುವ ಸುತ್ತುಗಳು ನಾಲ್ಕರಷ್ಟು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಬೀಗದ ಕೈ ಕಟ್ಟಿದ ದಾರ ಬೆರಳಿಗೆ ಸುತ್ತಿಕೊಳ್ಳುತ್ತಾ ಜೋರಾಗುವುದನ್ನು ಇದಕ್ಕೆ ಉದಾಹರಣೆ ಕೊಡುವವರು ತುಂಬ ಜನ. ನಾನೂ ಕೆಲವು ವರ್ಷ ಅದನ್ನೇ ಕೊಟ್ಟಿದ್ದೆ. ಅದು ತಪ್ಪು. ಅಲ್ಲಿ ದಾರ ಬೆರಳಿನ ಅಂಚಿನಿಂದ ಹೊರಡುತ್ತದೆ, ಯಾರೂ ಅದನ್ನು ಒಳಗೆ ಎಳೆಯುತ್ತಿಲ್ಲ. ಎಳೆತ ಯಾವಾಗಲೂ ಓಟಕ್ಕೆ ಅಡ್ಡವೇ ಇರುತ್ತದೆ. ಬೀಗದ ಕೈಯ ವೇಗ ಹೆಚ್ಚುವುದೇ ಇಲ್ಲ. ವೃತ್ತ ಚಿಕ್ಕದಾಗಿದ್ದಕ್ಕೆ ಬೇಗ ಸುತ್ತಿದ ಹಾಗೆ ಕಾಣುತ್ತದೆ ಅಷ್ಟೇ. ಡೈವರ್ ಮಾಡುವುದು ಪೆನ್ನಿನ ಕೊಳವೆಯ ಆಟವನ್ನು.

ಡೈವರ್‌ನಲ್ಲಿ ರಬ್ಬರಿನ ಜಾಗದಲ್ಲಿ ಮೊಣಕಾಲು, ಪಾದ, ತಲೆ, ಭುಜ ಇವೆ. ದಾರದ ಜಾಗದಲ್ಲಿ ಸ್ನಾಯುಗಳಿವೆ. 60 ಕಿಲೋ ತೂಕದವನು 10 ಮೀಟರ್ ಎತ್ತರದಿಂದ ಮುಂದಕ್ಕೆ ಎರಡೂವರೆ ಪಲ್ಟಿ ಹೊಡೆಯುತ್ತಾನೆ ಅಂದುಕೊಳ್ಳಿ. ಡೈವಿಂಗ್‌ನವರು ಇದನ್ನು 105C ಎನ್ನುತ್ತಾರೆ. 5 ಅಂದರೆ ಐದು ಅರ್ಧ ಪಲ್ಟಿ, C ಅಂದರೆ ಮುದುಡಿದ ಭಂಗಿ, ಅವರ ಮಾತಲ್ಲಿ ಟಕ್. ಗಾಳಿಯಲ್ಲಿರುವ ಸಮಯ ಸುಮಾರು 1.7 ಸೆಕೆಂಡ್. ಕೈ ಮೇಲೆತ್ತಿ ನೆಟ್ಟಗಿದ್ದಾಗ ಅವನ I ಸುಮಾರು 16, ಮುದುಡಿದಾಗ ಸುಮಾರು 4. ಲೆಕ್ಕ ಸುಲಭವಾಗಲಿ ಅಂತ ಗುಂಡಾಗಿ ಹೇಳಿದ್ದೇನೆ, ಜನರಿಂದ ಜನರಿಗೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ.

ನೆಟ್ಟಗಿದ್ದಾಗ ಅವನು ಸೆಕೆಂಡಿಗೆ ಅರ್ಧ ಸುತ್ತಿನ ವೇಗದಲ್ಲಿ ಹೊರಟ ಅನ್ನೋಣ. ಕೊನೆಯವರೆಗೂ ಹಾಗೇ ಇದ್ದಿದ್ದರೆ 1.7 ಸೆಕೆಂಡಿನಲ್ಲಿ ಒಂದು ಪಲ್ಟಿಯೂ ಪೂರ್ತಿಯಾಗುತ್ತಿರಲಿಲ್ಲ. ಮುದುಡಿದರೆ ವೇಗ ನಾಲ್ಕರಷ್ಟು, ಅಂದರೆ ಸೆಕೆಂಡಿಗೆ 2 ಸುತ್ತು. 1.1 ಸೆಕೆಂಡ್ ಮುದುಡಿಕೊಂಡಿದ್ದರೆ 2.2 ಸುತ್ತು ಸಿಕ್ಕಿತು. ಹೊರಡುವಾಗ ಮತ್ತು ಮೈ ಬಿಚ್ಚಿದ ಮೇಲೆ ಉಳಿದ 0.6 ಸೆಕೆಂಡಿನಲ್ಲಿ 0.3 ಸುತ್ತು. ಒಟ್ಟು ಎರಡೂವರೆ. ತಲೆ ಕೆಳಗಾಗಿ ನೀರಿಗೆ ಹೋಗುತ್ತಾನೆ.

ಶಕ್ತಿಯ ಲೆಕ್ಕವೂ ನೋಡಿ. ನೆಟ್ಟಗಿದ್ದಾಗ ಅವನ ಸುತ್ತಿನಲ್ಲಿದ್ದ ಶಕ್ತಿ ಸುಮಾರು 80 ಜೌಲ್. ಮುದುಡಿದ ಮೇಲೆ ಸುಮಾರು 320. ಮಧ್ಯದ 240 ಜೌಲ್ ಎಲ್ಲಿಂದಲೋ ಬಂದದ್ದಲ್ಲ, ಆ ಕ್ಷಣದಲ್ಲಿ ಅವನ ಸ್ನಾಯುಗಳು ಕೊಟ್ಟದ್ದು. ಎಳೆದು ಮುಗಿದ ಮೇಲೂ ಬಿಡುವಿಲ್ಲ. ಆ ವೇಗದಲ್ಲಿ ಮಂಡಿಯಿಂದ ಕೆಳಗಿನ ಪ್ರತಿ ಕಾಲನ್ನೂ ಒಳಗೆ ಹಿಡಿದಿಡಲು ಸುಮಾರು 20 ಕಿಲೋ ತೂಕ ಎತ್ತಿದಷ್ಟು ಬಲ ಬೇಕು. ಅದಕ್ಕೇ ಅವರು ಮೊಣಕಾಲ ಮುಂಭಾಗವನ್ನು ಎರಡೂ ಕೈಯಿಂದ ಬಿಗಿಯಾಗಿ ಅಪ್ಪಿ ಹಿಡಿಯುವುದು. ಒದ್ದೆ ಕೈ ಜಾರಿತೋ, ಕಾಲು ಹೊರಗೆ ಚಾಚಿಕೊಳ್ಳುತ್ತದೆ, ಪಲ್ಟಿ ನಿಧಾನವಾಗುತ್ತದೆ, ಸುತ್ತು ಸಾಲದೆ ಬೀಳುತ್ತಾರೆ. ಡೈವರ್‌ಗಳು ಒಂದು ಸಣ್ಣ ಬಟ್ಟೆಯಲ್ಲಿ ಪದೇ ಪದೇ ಮೈ ಒರೆಸಿಕೊಳ್ಳುವುದನ್ನು ನೀವು ಟಿವಿಯಲ್ಲಿ ನೋಡಿರಬಹುದು. ಒಂದು ಕಾರಣ ಇದೇ.

ಬಿಚ್ಚುವ ಹೊತ್ತು ತಪ್ಪಿದರೆ ಏನಾಗುತ್ತದೆ ಅಂತ ನನ್ನ ಬೆನ್ನಿಗೆ ಗೊತ್ತು. ನಮ್ಮ ಬಾವಿಯಲ್ಲಿ ಕಟ್ಟೆಯಿಂದ ನೀರಿಗೆ 20 ಅಡಿ ಇತ್ತು. ಬೀಳುವುದಕ್ಕೆ ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಚಿಕ್ಕಪ್ಪ ಹೇಳಿಕೊಟ್ಟದ್ದು ಒಂದೇ ಮಾತು: "ನೀರು ಕಂಡ ತಕ್ಷಣ ಮಂಡಿ ಬಿಡೋ." ಒಂದು ಸಲ ಬಿಡುವುದು ಚೂರು ತಡವಾಯಿತು. ನೀರಿಗೆ ಬೆನ್ನು ಕೊಟ್ಟು ಬಿದ್ದೆ. ಉಸಿರು ಕಟ್ಟಿ, ಚಿಕ್ಕಪ್ಪನೇ ಹಾರಿ ಎಳೆದು ಮೆಟ್ಟಿಲಿಗೆ ತಂದರು. ವಾರವೆಲ್ಲ ಬೋರಲು ಮಲಗಿದೆ. ಆ ಚೂರು ತಡ ಎಷ್ಟು ಅಂತ ಮೇಲಿನ ಲೆಕ್ಕದಿಂದಲೇ ತಿಳಿಯುತ್ತದೆ. 0.1 ಸೆಕೆಂಡ್ ತಡವಾದರೆ ಅಷ್ಟು ಹೊತ್ತು ಅರ್ಧ ಸುತ್ತಿನ ವೇಗದ ಬದಲು 2 ಸುತ್ತಿನ ವೇಗ. 0.15 ಸುತ್ತು ಹೆಚ್ಚಾಗುತ್ತದೆ, ಅಂದರೆ 54 ಡಿಗ್ರಿ. ಕಣ್ಣು ಮಿಟುಕಿಸುವುದರೊಳಗೆ ತಲೆಯ ಬದಲು ಬೆನ್ನು. 10 ಮೀಟರಿನಿಂದ ಬೀಳುವಾಗ ನೀರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಎದುರಾಗುತ್ತದೆ ಎಂಬುದನ್ನೂ ನೆನಪಿಡಿ.

ಬಿಚ್ಚಿದ ಮೇಲೂ ಪಲ್ಟಿ ನಿಲ್ಲುವುದಿಲ್ಲ, ನಿಧಾನವಾಗುತ್ತದೆ ಅಷ್ಟೇ. ಸಂವೇಗ ಅಷ್ಟೇ ಇದೆಯಲ್ಲ. ಹಾಗಾಗಿ ಒಳ್ಳೆಯ ಡೈವರ್‌ನ ಕೈ ನೀರು ಮುಟ್ಟುವಾಗ ಮೈ ನೀರಿಗೆ ಪೂರ್ತಿ ಲಂಬವಾಗಿರುವುದಿಲ್ಲ, ಸುತ್ತು ಸ್ವಲ್ಪ ಬಾಕಿ ಇಟ್ಟುಕೊಂಡಿರುತ್ತಾನೆ. ಆ ಬಾಕಿ ಮೈ ಒಳಗೆ ಹೋಗುತ್ತಿರುವಾಗ ತೀರುತ್ತದೆ.

ಇನ್ನು ಪಕ್ಕಕ್ಕೆ ತಿರುಗುವ ವಿಷಯ. ಇದು ನನಗೆ ಇಡೀ ಡೈವಿಂಗ್‌ನಲ್ಲೇ ಅತಿ ಚೆಂದ ಅನಿಸುವ ಭಾಗ. ಕೋನೀಯ ಸಂವೇಗಕ್ಕೆ ಒಂದು ಅಚ್ಚೂ ಇದೆ. ಮುಂದಕ್ಕೆ ಪಲ್ಟಿ ಹೊಡೆಯುವವನ ಸೊಂಟದಲ್ಲಿ ಎಡದಿಂದ ಬಲಕ್ಕೆ ಒಂದು ಕಬ್ಬಿಣದ ಸರಳು ಹಾಯ್ದಿದೆ ಅಂದುಕೊಳ್ಳಿ. ಆ ಸರಳು ಗಾಳಿಯಲ್ಲಿ ಅದೇ ದಿಕ್ಕಿಗೆ ನಿಂತಿರುತ್ತದೆ, ಮೈ ಏನೇ ಮಾಡಿದರೂ ಓರೆಯಾಗುವುದಿಲ್ಲ. ಈಗ ಡೈವರ್ ನೆಟ್ಟಗಿದ್ದುಕೊಂಡು ಒಂದು ಕೈಯನ್ನು ಪಕ್ಕದಿಂದ ಮೇಲಕ್ಕೆ, ಇನ್ನೊಂದನ್ನು ಪಕ್ಕದಿಂದ ಕೆಳಕ್ಕೆ ಬೀಸುತ್ತಾನೆ, ಬಸ್ಸಿನ ಸ್ಟೀರಿಂಗ್ ತಿರುಗಿಸಿದ ಹಾಗೆ. ಕೈಗಳು ಒಂದು ಕಡೆಗೆ ಸುತ್ತಿದರೆ ಮೈ ಎದುರು ಕಡೆಗೆ ಸ್ವಲ್ಪ ವಾಲಲೇಬೇಕು. ಮೈ ಭಾರ, ಹಾಗಾಗಿ ವಾಲುವುದು 10 ಡಿಗ್ರಿಯ ಆಸುಪಾಸು.

ಸರಳು ಅಲ್ಲೇ ಇದೆ, ಮೈ ಓರೆಯಾಯಿತು. ಇನ್ನು ಸರಳು ಬೆನ್ನುಮೂಳೆಗೆ ಪೂರ್ತಿ ಅಡ್ಡವಾಗಿಲ್ಲ. ಸಂವೇಗದ ಒಂದು ಸಣ್ಣ ಪಾಲು ಬೆನ್ನುಮೂಳೆಯ ಉದ್ದಕ್ಕೆ ಬಿತ್ತು, ನೂರಕ್ಕೆ 17ರಷ್ಟು. ಇಷ್ಟೇನಾ ಅನಿಸಬಹುದು. ಆದರೆ ಕೈಕಾಲು ಮೈಗೆ ಅಂಟಿಸಿಕೊಂಡವನನ್ನು ಬೆನ್ನುಮೂಳೆಯ ಸುತ್ತ ತಿರುಗಿಸುವುದು ಬಲು ಸುಲಭ. ಆ ಕಡೆಯ I ಬರೀ 1ರ ಹತ್ತಿರ, ಪಲ್ಟಿಯ ಕಡೆಯದಕ್ಕೆ ಹೋಲಿಸಿದರೆ ಹದಿನೈದನೇ ಒಂದು ಪಾಲು. ಅದಕ್ಕೇ ಸೆಕೆಂಡಿಗೆ ಅರ್ಧ ಪಲ್ಟಿ ಹೊಡೆಯುತ್ತಿದ್ದ ಮೈ ಅದೇ ಸೆಕೆಂಡಿನಲ್ಲಿ ಒಂದೂಕಾಲು ಸಲ ತನ್ನ ಸುತ್ತ ತಿರುಗಿಬಿಡುತ್ತದೆ. ಒಂದು ಕೈ ತಲೆಯ ಹಿಂದೆ, ಇನ್ನೊಂದು ಎದೆಗೆ ಅಡ್ಡ ಒತ್ತಿಕೊಳ್ಳುವುದು ಈ I ಇನ್ನಷ್ಟು ಇಳಿಯಲಿ ಅಂತ.

ನಿಲ್ಲಿಸುವಾಗ ಕೈಗಳನ್ನು ಬಂದ ದಾರಿಯಲ್ಲೇ ವಾಪಸು ಬೀಸುತ್ತಾರೆ. ವಾಲಿದ ಮೈ ನೇರವಾಗುತ್ತದೆ, ಉದ್ದಕ್ಕೆ ಬಿದ್ದ ಪಾಲು ಮತ್ತೆ ಪಲ್ಟಿಗೇ ಸೇರುತ್ತದೆ, ಪಕ್ಕದ ತಿರುವು ನಿಂತೇ ಹೋಗುತ್ತದೆ. ಹಲಗೆಯ ಮೇಲೇ ಭುಜ ತಿರುಚಿ ಹೊರಟವನಿಗೆ ಈ ಅನುಕೂಲ ಸಿಗುವುದಿಲ್ಲ. ಹಲಗೆಯಿಂದ ತಂದ ತಿರುಚು ನೀರಿನವರೆಗೂ ಜೊತೆಗೇ ಬರುತ್ತದೆ. ಕೈ ಅಗಲಿಸಿ ನಿಧಾನ ಮಾಡಬಹುದು, ಆದರೆ ಅಳಿಸಿಹಾಕುವುದು ಕಷ್ಟ. ಹಲಗೆಯ ಮೇಲೇ ತಿರುಚಿದ್ದು ಎದ್ದು ಕಂಡರೆ ತೀರ್ಪುಗಾರರೂ ಅಂಕ ಕಡಿಮೆ ಮಾಡುತ್ತಾರೆ.

ಮುಂದಿನ ಸಲ ನಿಧಾನಗತಿಯಲ್ಲಿ ತೋರಿಸುವಾಗ ಕೈ ಬೀಸಿದ ಮರುಕ್ಷಣ ಮುಖ ನೋಡಬೇಡಿ, ತಲೆಯಿಂದ ಪಾದದವರೆಗಿನ ಗೆರೆ ನೋಡಿ. ಇಡೀ ಮೈ ಒಂದು ಪಕ್ಕಕ್ಕೆ ವಾಲಿರುವುದು ಕಾಣುತ್ತದೆ. ತಿರುವು ಮುಗಿಯುವವರೆಗೂ ಆ ವಾಲು ಹಾಗೇ ಇರುತ್ತದೆ.