ತೂಕ 84 ಕೆಜಿ ಇದ್ದಾಗ ತುರ್ತು ಗರ್ಭನಿರೋಧಕ ಮಾತ್ರೆ: ಗುರುವಾರ ರಾತ್ರಿಯೊಳಗೆ ಏನು ಮಾಡಬಹುದು

ಪ್ರಶ್ನೆ: ನನಗೆ 31 ವರ್ಷ, ಊರು ಶಹಾಪುರ. ಶನಿವಾರ ರಾತ್ರಿ 11ಕ್ಕೆ ಕಾಂಡೋಮ್ ಹರಿದಿತ್ತು. ಸೋಮವಾರ ಬೆಳಿಗ್ಗೆ 9ಕ್ಕೆ 72 ಗಂಟೆಯ ಮಾತ್ರೆ ನುಂಗಿದೆ. ತೂಕ 84 ಕೆಜಿ, ಎತ್ತರ 5 ಅಡಿ 2 ಇಂಚು. ಶನಿವಾರ ನನ್ನ ಮುಟ್ಟಿನ 12ನೇ ದಿನ, 28 ದಿನಕ್ಕೊಮ್ಮೆ ಸರಿಯಾಗಿ ಆಗುತ್ತದೆ. ದಪ್ಪ ಇದ್ದವರಿಗೆ ಮಾತ್ರೆ ಕೆಲಸ ಮಾಡಲ್ಲ ಅಂತ ಓದಿದೆ. ಇನ್ನೊಂದು ಮಾತ್ರೆ ತಗೊಳ್ಳಲಾ? ಮಗು ಒಂದಿದೆ, ಸದ್ಯಕ್ಕೆ ಇನ್ನೊಂದು ಬೇಡ.

ಉತ್ತರ:

ಇನ್ನೊಂದು ಮಾತ್ರೆಗಾಗಿ ಮೆಡಿಕಲ್‌ಗೆ ಹೋಗಬೇಡಿ ಅಕ್ಕ, ಆಸ್ಪತ್ರೆಗೆ ಹೋಗಿ. ಗುರುವಾರ ರಾತ್ರಿ 11ರ ತನಕ ನಿಮಗೆ ಸಮಯ ಇದೆ. ಅಷ್ಟರೊಳಗೆ ಕಾಪರ್-ಟಿ ಹಾಕಿಸಿಕೊಂಡರೆ ತೂಕದ ಚಿಂತೆಯೇ ಇರುವುದಿಲ್ಲ. ನಾನು ಕಲಬುರಗಿಯಲ್ಲಿ ಸ್ಟಾಫ್ ನರ್ಸ್, ಕುಟುಂಬ ಯೋಜನೆ ವಿಭಾಗದಲ್ಲಿ ಕೆಲಸ. ನಿಮ್ಮಂಥ ಪ್ರಶ್ನೆ ನಮ್ಮ ಹತ್ತಿರ ಬಹಳ ಬರುತ್ತವೆ, ಆದರೆ ಹೆಚ್ಚಿನವರು ಬರುವುದೇ ಮುಟ್ಟು ತಪ್ಪಿದ ಮೇಲೆ. ನೀವು ಸೋಮವಾರವೇ ಕೇಳಿದ್ದು ಒಳ್ಳೆಯದಾಯಿತು.

ಮೊದಲು ಮಾತ್ರೆ ಏನು ಮಾಡುತ್ತದೆ ಅಂತ ಹೇಳುತ್ತೇನೆ, ಅದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಅರ್ಥ ಆಗುತ್ತದೆ. ನೀವು ನುಂಗಿದ ಮಾತ್ರೆಯಲ್ಲಿ ಇರುವುದು ಲೆವೊನಾರ್ಜೆಸ್ಟ್ರೆಲ್ ಅನ್ನೋ ಹಾರ್ಮೋನ್, 1.5 ಮಿಲಿಗ್ರಾಂ. ಮೆಡಿಕಲ್‌ನಲ್ಲಿ ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ. ಆಶಾ ಕಾರ್ಯಕರ್ತೆಯರು ಕೊಡುವ ಸರ್ಕಾರಿ ಮಾತ್ರೆಯೂ ಇದೇ. ಇದರ ಕೆಲಸ ಒಂದೇ: ಅಂಡಾಶಯದಿಂದ ಅಂಡ ಹೊರಬರುವುದನ್ನು ಕೆಲವು ದಿನ ಮುಂದಕ್ಕೆ ಹಾಕುವುದು. ಗಂಡಸಿನ ವೀರ್ಯಾಣು ಹೆಣ್ಣಿನ ದೇಹದೊಳಗೆ ಐದು ದಿನದವರೆಗೂ ಬದುಕಿರಬಹುದು. ಅವು ಸಾಯುವ ತನಕ ಅಂಡ ಹೊರಗೆ ಬರಲಿಲ್ಲ ಅಂದರೆ ಗರ್ಭ ನಿಲ್ಲುವುದಿಲ್ಲ. ಅಷ್ಟೇ. ಈಗಾಗಲೇ ನಿಂತ ಗರ್ಭವನ್ನು ಈ ಮಾತ್ರೆ ತೆಗೆಯುವುದಿಲ್ಲ, ಅದಕ್ಕೆ ತೊಂದರೆಯನ್ನೂ ಮಾಡುವುದಿಲ್ಲ.

ಇಲ್ಲೇ ಜನ ಎಡವುವುದು. ಡಬ್ಬಿಯ ಮೇಲೆ 72 ಗಂಟೆ ಅಂತ ಇರುತ್ತದಲ್ವಾ, ಅದನ್ನು ನೋಡಿ 71ನೇ ಗಂಟೆಗೆ ನುಂಗಿದರೂ ನಡೆಯುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಅಂಡ ಹೊರಬರುವ ಒಂದೂವರೆ ದಿನ ಮುಂಚೆ ಮೆದುಳಿನ ಕೆಳಗಿನ ಗ್ರಂಥಿಯಿಂದ ಎಲ್‌ಎಚ್ ಅನ್ನೋ ಇನ್ನೊಂದು ಹಾರ್ಮೋನ್ ಒಮ್ಮೆಲೇ ಏರುತ್ತದೆ. ಮಾತ್ರೆ ಅದಕ್ಕಿಂತ ಮೊದಲು ಹೊಟ್ಟೆಗೆ ಹೋದರೆ ಆ ಏರಿಕೆಯನ್ನು ತಡೆಯಬಲ್ಲದು. ಏರಿಕೆ ಶುರುವಾಗಿದ್ದರೆ ಮಾತ್ರೆ ಏನೂ ಮಾಡಲಾರದು, ನೀವು ಹತ್ತೇ ಗಂಟೆಯೊಳಗೆ ನುಂಗಿದ್ದರೂ ಸರಿ. ಬೇಗ ತಗೊಳ್ಳಿ ಅಂತ ನಾವು ಬಡಕೊಳ್ಳುವುದು ಇದಕ್ಕೇ, ಯಾಕಂದರೆ ಅಂಡ ಯಾವಾಗ ಬರುತ್ತದೆ ಅಂತ ಯಾರಿಗೂ ಖಚಿತವಾಗಿ ಗೊತ್ತಿರುವುದಿಲ್ಲ.

ಈಗ ನಿಮ್ಮ ಲೆಕ್ಕ ನೋಡೋಣ. 28 ದಿನದ ಮುಟ್ಟು ಅಂದರೆ ಅಂಡ ಬರುವುದು ಹೆಚ್ಚುಕಮ್ಮಿ 14ನೇ ದಿನ. ಶನಿವಾರ 12 ಆದರೆ ಸೋಮವಾರ 14. ಒಂದೆರಡು ದಿನ ಆಚೀಚೆ ಆಗಬಹುದು, ಎಷ್ಟೇ ಸರಿಯಾಗಿ ಮುಟ್ಟಾಗುವವರಲ್ಲೂ ಆಗುತ್ತದೆ. ಆದರೂ ನೀವು ಮಾತ್ರೆ ನುಂಗುವ ಹೊತ್ತಿಗೆ, ಅಂದರೆ 34 ಗಂಟೆ ಆದ ಮೇಲೆ, ಎಲ್‌ಎಚ್ ಏರಿಬಿಟ್ಟಿರುವ ಸಾಧ್ಯತೆ ದೊಡ್ಡದು. ಹಾಗಾಗಿ ನಿಮ್ಮ ತೂಕ 50 ಕೆಜಿ ಇದ್ದಿದ್ದರೂ ನಾನು ಆಸ್ಪತ್ರೆಗೇ ಹೋಗಿ ಅನ್ನುತ್ತಿದ್ದೆ. ಮುಟ್ಟಾಗಿ ಐದಾರು ದಿನಕ್ಕೆ ಇದೇ ಘಟನೆ ನಡೆದಿದ್ದರೆ ಮಾತು ಬೇರೆ ಇರುತ್ತಿತ್ತು.

ತೂಕದ ವಿಷಯಕ್ಕೆ ಬರೋಣ. ನೀವು ಓದಿದ್ದರಲ್ಲಿ ಅರ್ಧ ನಿಜ ಇದೆ. ಒಂದೇ ಮಾತ್ರೆ ನುಂಗಿದರೂ ಬೊಜ್ಜು ಇರುವ ಹೆಂಗಸರ ರಕ್ತದಲ್ಲಿ ಈ ಹಾರ್ಮೋನ್ ಏರುವ ಮಟ್ಟ, ಸಾಮಾನ್ಯ ತೂಕದವರಿಗೆ ಹೋಲಿಸಿದರೆ ಸುಮಾರು ಅರ್ಧದಷ್ಟೇ ಅಂತ ಅಳತೆ ಮಾಡಿ ನೋಡಿದ್ದಾರೆ. ಎಲ್‌ಎಚ್ ತಡೆಯುವುದಕ್ಕೆ ಅದು ಸಾಲದೇ ಹೋಗಬಹುದು. ಬ್ರಿಟನ್ನಿನ ವೈದ್ಯರ ಮಾರ್ಗಸೂಚಿಯಲ್ಲಿ 70 ಕೆಜಿ ದಾಟಿದವರಿಗೆ, ಇಲ್ಲವೇ ಬಿಎಂಐ 26 ದಾಟಿದವರಿಗೆ ಈ ಮಾತ್ರೆಯ ಪರಿಣಾಮ ಕಡಿಮೆಯಾಗಬಹುದು ಅಂತ ಇದೆ. ಬಿಎಂಐ ಅಂದರೆ ಕೆಜಿ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ. ನಿಮ್ಮದು 84ನ್ನು 1.57ರಿಂದ ಎರಡು ಸಲ ಭಾಗಿಸಿದರೆ 34. ಸುಮಾರು ಜನ ಬರೀ 70 ಅನ್ನೋ ಸಂಖ್ಯೆ ನೋಡಿ ನಾನಿನ್ನೂ 63 ಅಂತ ನಿರಾಳ ಆಗುತ್ತಾರೆ. ಆದರೆ ಐದೇ ಅಡಿ ಎತ್ತರ ಇದ್ದವರಿಗೆ 60 ಕೆಜಿಗೇ ಬಿಎಂಐ 26 ಆಗಿಬಿಡುತ್ತದೆ. ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ಅದೇ ಎತ್ತರದವರು, ಅದಕ್ಕೇ ಹೇಳಿದೆ.

ಇನ್ನರ್ಧ ತಪ್ಪು ಏನಂದರೆ, ದಪ್ಪ ಇದ್ದವರು ಮಾತ್ರೆ ತಗೊಂಡು ಏನೂ ಪ್ರಯೋಜನ ಇಲ್ಲ ಅನ್ನೋದು. 2013ರಲ್ಲಿ ಯುರೋಪಿನ ಒಂದು ಮಾತ್ರೆಯ ಚೀಟಿಯಲ್ಲಿ 75 ಕೆಜಿಗೆ ಪರಿಣಾಮ ಕಡಿಮೆ, 80 ದಾಟಿದರೆ ಇಲ್ಲ ಅಂತ ಬರೆದರು. ಆ ಸುದ್ದಿಯೇ ಇನ್ನೂ ಸುತ್ತುತ್ತಿದೆ. ಮರುವರ್ಷ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಲ್ಲ ದಾಖಲೆ ನೋಡಿ, ಅಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಪುರಾವೆ ಸಾಲದು, ಯಾವ ತೂಕದವರಾದರೂ ಆದಷ್ಟು ಬೇಗ ತಗೊಳ್ಳಲಿ ಅಂತ ತೀರ್ಮಾನ ಮಾಡಿತು. ಬೇರೆ ದಾರಿ ಇಲ್ಲದಿದ್ದರೆ 84 ಕೆಜಿಯವರೂ ಮಾತ್ರೆ ತಗೊಳ್ಳಲೇಬೇಕು. ನೀವು ತಗೊಂಡಿದ್ದು ಸರಿಯೇ ಇದೆ.

ಎರಡು ಮಾತ್ರೆ ನುಂಗಿದರೆ? ತರ್ಕ ಸರಿ ಅನಿಸುತ್ತದೆ, ಕೆಲವು ವೈದ್ಯರು ಬೇರೆ ಉಪಾಯ ಇಲ್ಲದಾಗ ಹಾಗೆ ಬರೆದೂ ಕೊಡುತ್ತಾರೆ. ಆದರೆ 2022ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 80 ಕೆಜಿ ದಾಟಿದ ಹೆಂಗಸರಿಗೆ ಒಂದು ಗುಂಪಿಗೆ ಒಂದು, ಇನ್ನೊಂದು ಗುಂಪಿಗೆ ಎರಡು ಕೊಟ್ಟು ಸ್ಕ್ಯಾನ್ ಮಾಡಿ ನೋಡಿದಾಗ, ಅಂಡ ಬರುವುದು ತಡವಾಗುವುದರಲ್ಲಿ ಗಟ್ಟಿಯಾದ ವ್ಯತ್ಯಾಸ ಸಿಗಲಿಲ್ಲ. ಅದೂ ಅಲ್ಲದೆ ನಿಮ್ಮಲ್ಲಿ ಸಮಯವೇ ಮೀರಿರಬಹುದು. ಮೀರಿದ ಮೇಲೆ ಎರಡೇನು, ನಾಲ್ಕು ನುಂಗಿದರೂ ವಾಂತಿ ಜಾಸ್ತಿ ಆದೀತು ಅಷ್ಟೇ. ಒಂದು ಮಾತು: ಸೋಮವಾರ ಮಾತ್ರೆ ನುಂಗಿ ಮೂರು ಗಂಟೆಯೊಳಗೆ ವಾಂತಿ ಆಗಿದ್ದರೆ ಮಾತ್ರೆ ಒಳಗೆ ಹೋಗಿಲ್ಲ ಅಂತ ಲೆಕ್ಕ, ಆಗ ಮತ್ತೊಂದು ತಗೊಳ್ಳಬೇಕು. ಯುಲಿಪ್ರಿಸ್ಟಲ್ ಅನ್ನೋ ಮಾತ್ರೆ ಐದು ದಿನದವರೆಗೂ ನಡೆಯುತ್ತದೆ, ಅಂಡ ಬರುವ ಹೊಸ್ತಿಲಲ್ಲೂ ಚೆನ್ನಾಗಿ ತಡೆಯುತ್ತದೆ. ಆದರೆ ನಮ್ಮ ಕಡೆ ಅದು ಸುಲಭಕ್ಕೆ ಸಿಗುವುದಿಲ್ಲ, ಮತ್ತೆ ನೀವು ಮೊದಲನೆಯದನ್ನು ನುಂಗಿರುವುದರಿಂದ ಇದರ ಬಲ ತಗ್ಗಬಹುದು. ಅದನ್ನು ಹುಡುಕುತ್ತಾ ದಿನ ಕಳೆಯಬೇಡಿ.

ಹಾಗಾಗಿ ಕಾಪರ್-ಟಿ. ಇದರ ತಾಮ್ರ ಗರ್ಭಕೋಶದಲ್ಲೇ ಕೆಲಸ ಮಾಡುತ್ತದೆ, ರಕ್ತದಲ್ಲಿ ಹಾರ್ಮೋನ್ ಎಷ್ಟಿದೆ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ತಾಮ್ರ ವೀರ್ಯಾಣುವನ್ನು ಕೊಲ್ಲುತ್ತದೆ. ಅಂಡ ಬಂದುಬಿಟ್ಟಿದ್ದರೂ ಗರ್ಭ ನಾಟದಂತೆ ತಡೆಯಬಲ್ಲದು. ಸಂಭೋಗವಾಗಿ ಐದು ದಿನದೊಳಗೆ ಹಾಕಿಸಿದರೆ ನೂರರಲ್ಲಿ 99ಕ್ಕೂ ಜಾಸ್ತಿ ಸಲ ಗರ್ಭ ನಿಲ್ಲುವುದಿಲ್ಲ. ಹಾಕುವ ಮುಂಚೆ ಮೂತ್ರದ ಪರೀಕ್ಷೆ ಮಾಡುತ್ತಾರೆ, ಒಳಗೆ ಸೋಂಕು ಇದೆಯಾ ನೋಡುತ್ತಾರೆ. ಹಾಕುವುದಕ್ಕೆ ಹತ್ತು ನಿಮಿಷ ಸಾಕು. ಆ ಹೊತ್ತಿಗೆ ಹೊಟ್ಟೆ ಹಿಂಡಿದ ಹಾಗೆ ನೋವು ಬರುತ್ತದೆ, ಮೊದಲ ಎರಡು ಮೂರು ತಿಂಗಳು ಮುಟ್ಟು ಜಾಸ್ತಿ ಹೋಗಬಹುದು. ನಿಮಗೆ ಮೊದಲೇ ರಕ್ತ ಕಡಿಮೆ ಇದ್ದರೆ ಅದನ್ನು ವೈದ್ಯರಿಗೆ ಹೇಳಿ. ಹಿಂದೆ ಸಿಸೇರಿಯನ್ ಆಗಿದ್ದರೂ ಹಾಕಬಹುದು. ಮುಂದಿನ ಮುಟ್ಟಾದ ಮೇಲೆ ಬೇಡ ಅನಿಸಿದರೆ ತೆಗೆಸಿ, ಇಲ್ಲವಾದರೆ ಹಾಗೇ ಇರಲಿ: ಕಾಪರ್-ಟಿ 380 ಎ ಹತ್ತು ವರ್ಷದ ತನಕ ನಡೆಯುತ್ತದೆ. ತೆಗೆಸಿದ ಮೇಲೆ ಮತ್ತೆ ಗರ್ಭ ಧರಿಸಬಹುದು.

ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡಿಲ್ಲ. ನಾಳೆ ಮಂಗಳವಾರ ಬೆಳಿಗ್ಗೆಯೇ ಶಹಾಪುರದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿ ಪರಿಚಯದವರು ಸಿಗುತ್ತಾರೆ ಅನ್ನೋ ಅಳುಕಿದ್ದರೆ ಯಾದಗಿರಿ ಜಿಲ್ಲಾಸ್ಪತ್ರೆ, ಅಥವಾ ಜೇವರ್ಗಿ ಮೇಲೆ ಬಸ್ ಹಿಡಿದು ಕಲಬುರಗಿಯ ಜಿಮ್ಸ್. ಹೋಗಿ ಸುಮ್ನೆ ಕಾಪರ್-ಟಿ ಬೇಕು ಅನ್ನಬೇಡಿ. ಅಂದರೆ ಎಷ್ಟೋ ಕಡೆ ಮುಟ್ಟಾದ ಮೇಲೆ ಬಾ ಅಂತ ವಾಪಸ್ ಕಳಿಸುತ್ತಾರೆ, ಅವರು ದಿನನಿತ್ಯ ಹಾಕುವುದು ಹಾಗೆ. ನನ್ನ ಸಂಬಂಧಿಕಳೊಬ್ಬಳನ್ನು ಒಂದು ಆಸ್ಪತ್ರೆಯಲ್ಲಿ ಹೀಗೇ ಕಳಿಸಿ, ಆಕೆಗೆ ಮುಟ್ಟೇ ಬರಲಿಲ್ಲ. ಅದಕ್ಕೆ ಮೊದಲ ಮಾತಿನಲ್ಲೇ ಹೇಳಿ: "ಶನಿವಾರ ರಾತ್ರಿ ಕಾಂಡೋಮ್ ಹರಿದಿದೆ, ಐದು ದಿನ ಆಗಿಲ್ಲ, ಗರ್ಭ ತಡೆಯೋಕೆ ತುರ್ತಾಗಿ ಕಾಪರ್-ಟಿ ಹಾಕಿ." ಹೊರಗಿನ ಕೌಂಟರ್‌ನಲ್ಲಿ ಒಪ್ಪದಿದ್ದರೆ ಸ್ತ್ರೀರೋಗ ವೈದ್ಯರನ್ನೇ ಕಾಣಬೇಕು ಅನ್ನಿ. ಗಂಡನ ಸಹಿ ಬೇಕು ಅಂದರೆ ಅಂಥ ನಿಯಮ ಇಲ್ಲ, ನಿಮ್ಮ ಒಪ್ಪಿಗೆ ಸಾಕು. ಟಿಬಿ ಮಾತ್ರೆ ಅಥವಾ ಫಿಟ್ಸ್ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ. ಅವುಗಳಲ್ಲಿ ಕೆಲವು ನೀವು ನುಂಗಿದ ಹಾರ್ಮೋನನ್ನು ಬೇಗ ಕರಗಿಸಿಬಿಡುತ್ತವೆ, ಕಾಪರ್-ಟಿಗೆ ಮಾತ್ರ ಏನೂ ಮಾಡುವುದಿಲ್ಲ.

ಕಾಪರ್-ಟಿ ಹಾಕುವ ತನಕ ಮತ್ತೆ ಸೇರುವುದಾದರೆ ಕಾಂಡೋಮ್ ಇರಲೇಬೇಕು. ಒಮ್ಮೆ ಮಾತ್ರೆ ನುಂಗಿದರೆ ಆ ತಿಂಗಳು ಪೂರ್ತಿ ಭಯ ಇಲ್ಲ ಅಂತ ನಂಬಿದವರು ಬಹಳ. ಮಾತ್ರೆ ಅಂಡವನ್ನು ಮುಂದಕ್ಕೆ ಹಾಕಿದ್ದರೆ, ಅದು ನಾಲ್ಕೈದು ದಿನ ಬಿಟ್ಟು ಬಂದೇ ಬರುತ್ತದೆ. ಹಾಗಾಗಿ ಮಾತ್ರೆಯ ನಂತರದ ವಾರವೇ ಜಾಸ್ತಿ ಅಪಾಯದ್ದು. ಇನ್ನು ಎರಡು ಮೂರು ದಿನದಲ್ಲಿ ಸ್ವಲ್ಪ ರಕ್ತ ಕಂಡರೆ ಸದ್ಯ, ಮುಟ್ಟಾಯಿತು ಅಂದುಕೊಳ್ಳಬೇಡಿ. ಅದು ಹಾರ್ಮೋನಿನಿಂದ ಬರುವ ರಕ್ತ, ಮಾತ್ರೆ ಗೆದ್ದ ಗುರುತಲ್ಲ. ಎಳ್ಳು, ಬೆಲ್ಲ, ಪಪ್ಪಾಯಿ ತಿಂದರೆ ಇಳಿದುಹೋಗುತ್ತದೆ ಅನ್ನೋದೂ ಸುಳ್ಳು.

ಒಂದನ್ನು ಮಾತ್ರ ಕೈಮುಗಿದು ಕೇಳುತ್ತೇನೆ. ಯಾರಾದರೂ "ಐದು ಮಾತ್ರೆಯ ಕಿಟ್ ಇದೆ, ಅದನ್ನು ತಗೊಂಡರೆ ಪಕ್ಕಾ" ಅಂದರೆ ತಗೊಳ್ಳಬೇಡಿ. ಅದು ನಿಂತ ಗರ್ಭವನ್ನು ತೆಗೆಯುವ ಔಷಧಿ, ವೈದ್ಯರು ನೋಡಿ ಕೊಡಬೇಕಾದದ್ದು. ವಿಪರೀತ ರಕ್ತ ಹೋಗಿ ರಾತ್ರಿ ಆಟೋದಲ್ಲಿ ಬರುವ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ.

ಮುಂದಿನ ಮುಟ್ಟು ಒಂದು ವಾರ ಹಿಂದೆ ಮುಂದೆ ಆದರೆ ಗಾಬರಿ ಬೇಡ. ಒಂದು ವಾರಕ್ಕಿಂತ ತಡವಾದರೆ, ಇಲ್ಲವೇ ಮುಟ್ಟಾದರೂ ತೀರಾ ಕಡಿಮೆ ಹೋಯಿತು ಅನಿಸಿದರೆ, ಶನಿವಾರದಿಂದ ಎಣಿಸಿ ಮೂರು ವಾರ ಕಳೆದ ಮೇಲೆ ಮನೆಯಲ್ಲೇ ಮೂತ್ರದ ಪರೀಕ್ಷೆ ಮಾಡಿ. ಅದಕ್ಕಿಂತ ಮುಂಚೆ ಮಾಡಿ ಒಂದೇ ಗೆರೆ ಬಂದರೆ ನಂಬುವ ಹಾಗಿಲ್ಲ. ಹೊಟ್ಟೆಯ ಒಂದೇ ಬದಿಗೆ ಜೋರು ನೋವು ಬಂದರೆ, ತಲೆಸುತ್ತು ಬಂದರೆ ಪರೀಕ್ಷೆಗೂ ಕಾಯಬೇಡಿ, ಗರ್ಭ ನಳಿಕೆಯಲ್ಲಿ ನಿಂತಿರಬಹುದು, ನೇರ ಆಸ್ಪತ್ರೆಗೆ ಬನ್ನಿ. ಎರಡು ಗೆರೆ ಬಂದರೂ ವೈದ್ಯರ ಹತ್ತಿರವೇ ಬನ್ನಿ. ಗರ್ಭನಿರೋಧಕ ವಿಫಲವಾಗಿ ನಿಂತ ಗರ್ಭವನ್ನು 20 ವಾರದೊಳಗೆ ತೆಗೆಸುವುದಕ್ಕೆ ಕಾನೂನಿನಲ್ಲಿ ಅವಕಾಶ ಇದೆ. ಬೇಗ ಬಂದಷ್ಟೂ ನಿಮಗೇ ಸುಲಭ.